ಒಂದು ಮಿಲಿಸೆಕೆಂಡ್ ಸಡಿಲ ಬಿಟ್ಟಿದ್ದಕ್ಕೆ ಹೋದ ಒಂದು ವಾರ

ಆ ವಾರ ಶುರುವಾಗಿದ್ದು ಒಂದು ದೂರಿನಿಂದ. "ನಾನು ತೆಗೆದು ಹಾಕಿದ್ದ ಟಪ್ ಅನ್ನೋ ಸದ್ದು ಫೈಲ್ ಮುಚ್ಚಿ ತೆರೆದರೆ ವಾಪಸ್ ಬರ್ತಾ ಇದೆ." ಇಷ್ಟೇ ಬರೆದಿದ್ದರು.

ನಾನು ಒಬ್ಬನೇ ಕೂತು ಸಿ++ನಲ್ಲಿ ಬರೆದು, ಒಬ್ಬನೇ ನೋಡಿಕೊಳ್ಳುತ್ತಿರುವ ಒಂದು ಸಣ್ಣ ಆಡಿಯೋ ಎಡಿಟರ್ ಇದೆ. ಟೈಮ್‌ಲೈನ್ ಮೇಲೆ ಕ್ಲಿಪ್‌ಗಳನ್ನು ಜೋಡಿಸಬಹುದು, ಕ್ಲಿಪ್ ಮೇಲೆ ಪೆನ್ಸಿಲ್‌ನಿಂದ ವಾಲ್ಯೂಮ್ ಗೆರೆ ಎಳೆಯಬಹುದು. ರೆಕಾರ್ಡಿಂಗ್‌ನಲ್ಲಿ ಎಲ್ಲೋ ಒಂದು ಕಡೆ ಟಪ್ ಅಂತ ಸದ್ದು ಬಂದಿದ್ದರೆ ಜನ ಏನು ಮಾಡುತ್ತಾರೆ ಅಂದರೆ, ಅಲ್ಲಿಗೆ ಚೆನ್ನಾಗಿ ಜೂಮ್ ಮಾಡಿ, ಆ ಒಂದೆರಡು ಮಿಲಿಸೆಕೆಂಡ್ ಜಾಗದಲ್ಲಿ ಮಾತ್ರ ವಾಲ್ಯೂಮನ್ನು ಸೊನ್ನೆಗೆ ಇಳಿಸಿ ಮತ್ತೆ ಮೇಲೆ ತರುತ್ತಾರೆ. ಕಿವಿಗೆ ಆ ಇಳಿತ ಗೊತ್ತೇ ಆಗುವುದಿಲ್ಲ, ಟಪ್ ಮಾತ್ರ ಹೋಗುತ್ತದೆ. ಆ ಇಳಿತವೇ ಫೈಲ್ ತೆರೆದ ಮೇಲೆ ಇರುತ್ತಿರಲಿಲ್ಲ.

ನೀವಾಗಿದ್ದರೆ ಮೊದಲು ಏನನ್ನು ಅನುಮಾನಿಸುತ್ತಿದ್ದಿರಿ? ಸೇವ್ ಮಾಡುವ ಕೋಡನ್ನೇ, ಅಲ್ವಾ? ನಾನೂ ಅದನ್ನೇ ಮಾಡಿದೆ. ಸೋಮವಾರ ಪೂರ್ತಿ ಅದಕ್ಕೇ ಹೋಯಿತು.

ಆ ಕಥೆಗೆ ಹೋಗುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ತಪ್ಪಿನ ಬೀಜ ಬಿದ್ದಿದ್ದು ಅದಕ್ಕಿಂತ ತಿಂಗಳುಗಳ ಮುಂಚೆ, ಬೇರೊಂದು ತಪ್ಪನ್ನು ಸರಿ ಮಾಡಲು ಹೋಗಿದ್ದಾಗ.

ನನ್ನ ಪ್ರೋಗ್ರಾಮ್‌ನಲ್ಲಿ ಸಮಯವನ್ನೆಲ್ಲ ಸೆಕೆಂಡ್‌ಗಳಲ್ಲಿ, ಡಬಲ್ ಅನ್ನುವ ದಶಮಾಂಶ ಸಂಖ್ಯೆಯಾಗಿ ಇಟ್ಟಿದ್ದೆ. 0.1 ಸೆಕೆಂಡ್‌ನ ಕ್ಲಿಪ್, ಅದರ ಪಕ್ಕಕ್ಕೆ 0.2 ಸೆಕೆಂಡ್‌ನ ಕ್ಲಿಪ್, ಆಮೇಲೆ 0.3ರ ಗೆರೆಗೆ ಅಂಟಿಸಿದ ಮೂರನೇ ಕ್ಲಿಪ್. ಎರಡನೆಯದು ಮುಗಿಯುವ ಜಾಗ, ಮೂರನೆಯದು ಶುರುವಾಗುವ ಜಾಗ, ಎರಡೂ 0.3. ಆದರೂ ಪರದೆ ಮೇಲೆ "ಒಂದರ ಮೇಲೊಂದು ಬಿದ್ದಿದೆ" ಅಂತ ಕೆಂಪು ಗುರುತು ಬರುತ್ತಿತ್ತು. ಕಾರಣ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿರುತ್ತದೆ. ಆದರೂ ಅಂಕಿಗಳನ್ನು ಒಮ್ಮೆ ಕಣ್ಣಾರೆ ನೋಡುವುದು ಒಳ್ಳೆಯದು:

```cpp
printf("%.17g\n", 0.1 + 0.2);  // 0.30000000000000004
printf("%.17g\n", 0.3);        // 0.29999999999999999
```

ಮೂರನೇ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಲು ಹೋದರೆ 0.333 ಅಂತ ಮುಗಿಯದೆ ಹೋಗುತ್ತಲೇ ಇರುತ್ತದೆ. ಹಾಗೆಯೇ ಹತ್ತನೇ ಒಂದು ಭಾಗ ಬೈನರಿಯಲ್ಲಿ ಮುಗಿಯುವುದಿಲ್ಲ. ಡಬಲ್‌ಗೆ 53 ಬಿಟ್‌ಗಳ ಜಾಗವಿದೆ, ಅಲ್ಲಿಗೆ ಕತ್ತರಿಸಿ ಹತ್ತಿರದ ಸಂಖ್ಯೆಗೆ ದುಂಡಗೆ ಮಾಡುತ್ತಾರೆ. 0.1 ಅಂತ ನಾವು ಬರೆದಾಗ ಒಳಗೆ ಕೂರುವುದು 0.1ಕ್ಕಿಂತ ಒಂದು ಚೂರು ಜಾಸ್ತಿ ಇರುವ ಸಂಖ್ಯೆ. 0.3 ಅಂತ ಬರೆದರೆ ಒಂದು ಚೂರು ಕಮ್ಮಿ ಇರುವ ಸಂಖ್ಯೆ. ಹಾಗಾಗಿ 0.1 + 0.2 > 0.3 ಅಂತ ಕೇಳಿದರೆ ಕಂಪ್ಯೂಟರ್ ಹೌದು ಅನ್ನುತ್ತದೆ. ಅದು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಇದು ಇನ್ನೊಂದು ದಿಕ್ಕಿಗೂ ಆಗುತ್ತದೆ. 0.1 ಸೆಕೆಂಡ್‌ನ ಹತ್ತು ಕ್ಲಿಪ್‌ಗಳನ್ನು ಒಂದರ ಹಿಂದೆ ಒಂದು ಕೂಡಿಸುತ್ತಾ ಹೋದರೆ ಕೊನೆಗೆ ಸಿಗುವುದು 0.9999999999999999. ಅದೇ 0.1 ಗುಣಿಸು 10 ಅಂದರೆ ಸರಿಯಾಗಿ 1 ಬರುತ್ತದೆ. ಅಂದರೆ ಒಂದೇ ಜಾಗಕ್ಕೆ ಎರಡು ದಾರಿಯಲ್ಲಿ ಹೋದರೆ ಎರಡು ಬೇರೆ ಸಂಖ್ಯೆ. ಇಲ್ಲಿ ಕೆಂಪು ಗುರುತಿನ ಬದಲು ಕ್ಲಿಪ್‌ಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂದು.

ಸರಿ, ಪರಿಹಾರ ಏನು? ಎಲ್ಲರೂ ಹೇಳುವುದು ಒಂದೇ: ಡಬಲ್‌ನಂಥ ಫ್ಲೋಟ್‌ಗಳನ್ನು ನೇರವಾಗಿ ಹೋಲಿಸಬೇಡ, ನಡುವೆ ಸ್ವಲ್ಪ ಸಡಿಲ ಬಿಡು. ಆ ಸಡಿಲಕ್ಕೆ ಎಪ್ಸಿಲಾನ್ ಅನ್ನುತ್ತಾರೆ. ನಾನೂ ಬಿಟ್ಟೆ. ಮೊದಲು ಬಿಟ್ಟಿದ್ದು `DBL_EPSILON`. ಹೆಸರೇ ಎಪ್ಸಿಲಾನ್, ಭಾಷೆಯೇ ಕೊಟ್ಟಿರುವುದು, ಇದೇ ಇರಬೇಕು ಅಂದುಕೊಂಡೆ. 0.3ರ ಹತ್ತಿರ ಕೆಲಸ ಮಾಡಿತು. ಒಂದು ಗಂಟೆಯ ರೆಕಾರ್ಡಿಂಗ್‌ನ ಕೊನೆಯಲ್ಲಿ ಕೆಂಪು ಗುರುತು ಮತ್ತೆ ಬಂತು.

ಯಾಕೆ ಅಂದರೆ `DBL_EPSILON` ಅನ್ನುವುದು 1 ಮತ್ತು ಅದರ ನಂತರದ ಡಬಲ್ ನಡುವಿನ ಅಂತರ, ಅಷ್ಟೇ. ಸಂಖ್ಯೆ ದೊಡ್ಡದಾದ ಹಾಗೆ ಅಕ್ಕಪಕ್ಕದ ಡಬಲ್‌ಗಳ ನಡುವಿನ ಅಂತರವೂ ದೊಡ್ಡದಾಗುತ್ತದೆ. 3600 ಸೆಕೆಂಡ್‌ನ ಹತ್ತಿರ ಆ ಅಂತರ `DBL_EPSILON`ನ 2048 ಪಟ್ಟು. ಅಂದರೆ ಅಲ್ಲಿ ಎರಡು ಸಂಖ್ಯೆ ಒಂದೇ ಅಲ್ಲದಿದ್ದರೆ, ಅವುಗಳ ವ್ಯತ್ಯಾಸ ನನ್ನ ಸಡಿಲಕ್ಕಿಂತ ದೊಡ್ಡದಾಗಿಯೇ ಇರುತ್ತದೆ. ನಾನು ಬಿಟ್ಟಿದ್ದ ಸಡಿಲ ಅಲ್ಲಿ ಇದ್ದೂ ಇಲ್ಲದ ಹಾಗೆ.

ಇದು ಗೊತ್ತಾದ ದಿನ ನಾನು ತೆಗೆದುಕೊಂಡ ನಿರ್ಧಾರ ಇದು. ಚಿಕ್ಕ ಸಂಖ್ಯೆಯ ಜೊತೆ ಗುದ್ದಾಡುವುದೇ ಬೇಡ, ಒಂದು ಮಿಲಿಸೆಕೆಂಡ್ ಇಟ್ಟುಬಿಡೋಣ. ಕ್ಲಿಪ್ ಜೋಡಿಸುವಾಗ ಒಂದು ಮಿಲಿಸೆಕೆಂಡ್ ಯಾರಿಗೆ ಗೊತ್ತಾಗುತ್ತದೆ? ಎಲ್ಲಾ ಕಡೆ ಒಂದೇ ಥರ ಇರಲಿ ಅಂತ ಒಂದು ಫಂಕ್ಷನ್ ಬರೆದೆ:

```cpp
bool before(double a, double b) {
    return a < b - 0.001;
}
```

"a ಅನ್ನುವುದು bಗಿಂತ ನಿಜವಾಗಿಯೂ ಮುಂಚೆ ಇದೆಯಾ?" ಕ್ಲಿಪ್‌ಗಳ ಕೆಂಪು ಗುರುತು ನಿಂತುಹೋಯಿತು. ಸಂದುಗಳೂ ಹೋದವು. ಈ ಫಂಕ್ಷನ್ ಆ ಕೆಲಸಕ್ಕೆ ಇವತ್ತಿಗೂ ತಪ್ಪಲ್ಲ, ಅದನ್ನು ನೆನಪಿಟ್ಟುಕೊಳ್ಳಿ.

ತಿಂಗಳುಗಳು ಕಳೆದವು. ವಾಲ್ಯೂಮ್ ಬಿಂದುಗಳನ್ನು ಅಲ್ಲಿಯವರೆಗೆ ಒಂದು ಸಾದಾ ಪಟ್ಟಿಯಲ್ಲಿ ಇಟ್ಟಿದ್ದೆ. ಉದ್ದದ ಫೈಲ್‌ಗಳಲ್ಲಿ ಹುಡುಕುವುದು ನಿಧಾನವಾಗುತ್ತಿತ್ತು. ಹಾಗಾಗಿ ಫೈಲ್ ತೆರೆದಾಗ ಬಿಂದುಗಳನ್ನು, ಸಮಯವನ್ನೇ ಕೀ ಮಾಡಿಕೊಂಡು, ಪ್ರತಿ ಕೀಗೆ ಒಂದು ಬೆಲೆಯನ್ನು ಕ್ರಮವಾಗಿ ಇಟ್ಟುಕೊಳ್ಳುವ `std::map`ಗೆ ತುಂಬುವ ಹಾಗೆ ಬದಲಾಯಿಸಿದೆ. ಮ್ಯಾಪ್‌ಗೆ "ಯಾವುದು ಮುಂಚೆ" ಅಂತ ಹೇಳುವ ಒಂದು ಫಂಕ್ಷನ್ ಬೇಕು. ಕೊಡದಿದ್ದರೆ ಅದು ಸುಮ್ನೆ `<` ಬಳಸುತ್ತದೆ. ನಾನು ಸುಮ್ಮನಿರಲಿಲ್ಲ. ಫ್ಲೋಟ್‌ಗಳನ್ನು ನೇರವಾಗಿ ಹೋಲಿಸಬಾರದು ಅಂತ ಕಲಿತಿದ್ದೆನಲ್ಲ, ಕೈಯಲ್ಲಿ `before` ಇತ್ತು, ಅದನ್ನೇ ಕೊಟ್ಟೆ. ಆ ಒಂದು ಸಾಲು ಬದಲಾಯಿಸಿದ್ದು ನನಗೆ ನೆನಪಿನಲ್ಲೂ ಉಳಿಯಲಿಲ್ಲ.

ಈಗ ಸೋಮವಾರಕ್ಕೆ ಬರೋಣ.

ಸೇವ್ ಮಾಡುವ ಕೋಡ್ ನೋಡಿದೆ. ನಾನೇ ಒಂದು ಗೆರೆ ಎಳೆದು, ಸೇವ್ ಮಾಡಿ, ಮುಚ್ಚಿ, ತೆರೆದೆ. ಗೆರೆ ಇದ್ದ ಹಾಗೇ ಇತ್ತು. ಇಪ್ಪತ್ತು ಸಲ ಮಾಡಿದೆ, ಇಪ್ಪತ್ತು ಸಲವೂ ಸರಿ. ಯಾಕೆ ನನಗೆ ಸರಿ ಬರುತ್ತಿತ್ತು ಅನ್ನುವುದು ಆಮೇಲೆ ತಿಳಿಯಿತು. ನಾನು ಜೂಮ್ ಮಾಡದೆ ಎಳೆಯುತ್ತಿದ್ದೆ. ಆ ಅಳತೆಯಲ್ಲಿ ಪರದೆಯ ಒಂದು ಪಿಕ್ಸೆಲ್ ಅಂದರೆ 10 ಮಿಲಿಸೆಕೆಂಡ್. ಪೆನ್ಸಿಲ್ ಪ್ರತಿ ಪಿಕ್ಸೆಲ್‌ಗೆ ಒಂದು ಬಿಂದು ಇಡುತ್ತದೆ. ಹಾಗಾಗಿ ನನ್ನ ಬಿಂದುಗಳು ಎಂದೂ ಒಂದಕ್ಕೊಂದು 10 ಮಿಲಿಸೆಕೆಂಡ್‌ಗಿಂತ ಹತ್ತಿರ ಇರುತ್ತಿರಲಿಲ್ಲ.

ಮಂಗಳವಾರ ಅವರ ಫೈಲ್ ಕಳಿಸಿ ಅಂತ ಕೇಳಿದೆ. ನನ್ನ ಫೈಲ್‌ಗಳು ಬರೀ ಟೆಕ್ಸ್ಟ್, ಎಡಿಟರ್‌ನಲ್ಲಿ ತೆರೆದು ಓದಬಹುದು. ತೆರೆದು ನೋಡಿದರೆ ಬಿಂದುಗಳೆಲ್ಲ ಇವೆ! ವಾಲ್ಯೂಮ್ ಸೊನ್ನೆಗೆ ಇಳಿಯುವುದೂ ಇದೆ, ಮೇಲೆ ಬರುವುದೂ ಇದೆ. ಅಂದರೆ ಸೇವ್ ಸರಿಯಾಗಿಯೇ ಆಗಿದೆ. ನನ್ನ ಒಂದು ದಿನ ಪೂರ್ತಿ ತಪ್ಪು ಜಾಗದಲ್ಲಿ ಕಳೆದಿತ್ತು.

ಬುಧವಾರ ಮೆಮೊರಿಯ ಮೇಲೆ ಅನುಮಾನ ಬಂತು. ಯಾರೋ ಎಲ್ಲೋ ಬೇರೆಯವರ ಜಾಗಕ್ಕೆ ಬರೆಯುತ್ತಿದ್ದಾರೆ, ಬಿಂದುಗಳು ಅಳಿಸಿಹೋಗುತ್ತಿವೆ ಅಂತ. ಮೆಮೊರಿಯ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಹಾಕಿ ಓಡಿಸಿದೆ, ಒಂದೂ ಎಚ್ಚರಿಕೆ ಇಲ್ಲ. ಆಪ್ಟಿಮೈಸೇಶನ್ ತೆಗೆದು `-O0`ನಲ್ಲಿ ಕಂಪೈಲ್ ಮಾಡಿದೆ, ಅದೇ ಫಲ. ಥ್ರೆಡ್‌ಗಳನ್ನೆಲ್ಲ ತೆಗೆದು ಒಂದೇ ಥ್ರೆಡ್‌ನಲ್ಲಿ ಓಡಿಸಿದೆ, ಅದೇ ಫಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಂಥ ತಪ್ಪಿನ ಲಕ್ಷಣವೇ ಇದು. ಮೆಮೊರಿ ಹಾಳಾಗಿದ್ದರೆ ಅಥವಾ ಥ್ರೆಡ್‌ಗಳು ಒಂದಕ್ಕೊಂದು ಅಡ್ಡ ಬಂದಿದ್ದರೆ ಫಲ ಓಡಿಸಿದ ಹಾಗೆಲ್ಲ ಬದಲಾಗುವುದು ಸಾಮಾನ್ಯ. ಇಲ್ಲಿ ಪ್ರತಿ ಸಲವೂ ಅದೇ ಫೈಲ್, ಅದೇ ನಷ್ಟ, ಅವೇ ಬಿಂದುಗಳು ಮಾಯ. ಅದು ನನಗೆ ದಾರಿ ತೋರಿಸಬೇಕಿತ್ತು. ಆದರೆ ನಾನು ಉಪಕರಣಗಳು ಏನು ಹೇಳುತ್ತವೆ ಅಂತ ಕಾಯುತ್ತಾ ಕೂತಿದ್ದೆ. ಮ್ಯಾಪ್ ಒಳಗೆ ನಡೆದ ಯಾವ ಹೆಜ್ಜೆಯೂ ಮೆಮೊರಿಯನ್ನು ತಪ್ಪಾಗಿ ಮುಟ್ಟದಿದ್ದಾಗ ಮೆಮೊರಿ ನೋಡುವ ಉಪಕರಣ ತಾನೇ ಏನು ಹೇಳೀತು?

ಗುರುವಾರ ಒಂದು ಸಣ್ಣ ಕೆಲಸ ಮಾಡಿದೆ, ಅದನ್ನು ಮೊದಲ ದಿನವೇ ಮಾಡಬೇಕಿತ್ತು. ಎಣಿಸಿದೆ. ಫೈಲ್‌ನಲ್ಲಿ 64 ಬಿಂದುಗಳು. ತೆರೆದ ಮೇಲೆ ಮ್ಯಾಪ್‌ನಲ್ಲಿ 37. ಅದನ್ನು ಕಡಿಮೆ ಸಾಲಿನ ಒಂದು ಪರೀಕ್ಷೆಯಾಗಿ ಬೇರೆ ತೆಗೆದಿಟ್ಟೆ. ನೋಡಲು ಅಚ್ಚುಕಟ್ಟಾಗಿರಲಿ ಅಂತ ಬಿಂದುಗಳನ್ನು ಸಮಯದ ಪ್ರಕಾರ ಜೋಡಿಸಿ ಆ ಪರೀಕ್ಷೆಯಲ್ಲಿ ಬರೆದೆ. ಓಡಿಸಿದರೆ 41!

ಅವೇ 64 ಬಿಂದುಗಳು. ಫೈಲ್‌ನಲ್ಲಿದ್ದ ಕ್ರಮದಲ್ಲಿ ತುಂಬಿದರೆ 37, ಜೋಡಿಸಿ ತುಂಬಿದರೆ 41. ಮ್ಯಾಪ್ ಅಂದರೆ ಯಾವ ಕ್ರಮದಲ್ಲಿ ಹಾಕಿದರೂ ಒಳಗೆ ತಾನೇ ಜೋಡಿಸಿಕೊಳ್ಳಬೇಕು. ಹಾಕುವ ಕ್ರಮದ ಮೇಲೆ ಎಣಿಕೆ ಬದಲಾಗುತ್ತದೆ ಅಂದರೆ ಅದಕ್ಕೆ ಕೊಟ್ಟಿರುವ ಹೋಲಿಕೆಯಲ್ಲೇ ಏನೋ ಐಬಿದೆ. ಅಲ್ಲಿಗೆ ಹುಡುಕಾಟ ಒಂದು ಸಾಲಿಗೆ ಬಂದು ನಿಂತಿತು.

ಶುಕ್ರವಾರ ಬೆಳಗ್ಗೆ ಬಿಂದುಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ ಮೂರಕ್ಕೆ ಇಳಿಸಿದೆ. ಈ ಮೂರನ್ನು ನಿಧಾನವಾಗಿ ನೋಡೋಣ, ಪೂರ್ತಿ ವಿಷಯ ಇಲ್ಲೇ ಇದೆ.

ಮೊದಲ ಬಿಂದು 10.0000 ಸೆಕೆಂಡ್‌ನಲ್ಲಿ, ವಾಲ್ಯೂಮ್ 1. ಎರಡನೆಯದು 10.0006ರಲ್ಲಿ, ವಾಲ್ಯೂಮ್ 0. ಮೂರನೆಯದು 10.0012ರಲ್ಲಿ, ವಾಲ್ಯೂಮ್ ಮತ್ತೆ 1. ಟಪ್ ಸದ್ದು ಇರುವುದು ನಡುವಿನ ಬಿಂದುವಿನ ಜಾಗದಲ್ಲಿ.

ಮ್ಯಾಪ್ ಎರಡು ಕೀಗಳು ಒಂದೇ ಹೌದೋ ಅಲ್ಲವೋ ಅಂತ ಹೇಗೆ ನಿರ್ಧರಿಸುತ್ತದೆ ಗೊತ್ತಾ? ಅದು `==` ಬಳಸುವುದಿಲ್ಲ. ಅದು `before` ಅನ್ನೇ ಎರಡು ಸಲ ಕೇಳುತ್ತದೆ. ಇದು ಅದಕ್ಕಿಂತ ಮುಂಚೆಯಾ? ಅಲ್ಲ. ಅದು ಇದಕ್ಕಿಂತ ಮುಂಚೆಯಾ? ಅದೂ ಅಲ್ಲ. ಹಾಗಾದರೆ ಎರಡೂ ಒಂದೇ. ನನ್ನ `before` ಪ್ರಕಾರ 10.0000 ಮತ್ತು 10.0006 ಒಂದೇ, ಯಾಕೆಂದರೆ ನಡುವಿನ ಅಂತರ ಒಂದು ಮಿಲಿಸೆಕೆಂಡ್‌ಗಿಂತ ಕಮ್ಮಿ. 10.0006 ಮತ್ತು 10.0012 ಕೂಡ ಒಂದೇ. ಆದರೆ 10.0000 ಮತ್ತು 10.0012? ಅವು ಬೇರೆ ಬೇರೆ, ಅಂತರ 1.2 ಮಿಲಿಸೆಕೆಂಡ್.

ಮೊದಲನೆಯದು ಎರಡನೆಯದಕ್ಕೆ ಸಮ, ಎರಡನೆಯದು ಮೂರನೆಯದಕ್ಕೆ ಸಮ, ಆದರೆ ಮೊದಲನೆಯದು ಮೂರನೆಯದಕ್ಕೆ ಸಮ ಅಲ್ಲ. ಸಮ ಅನ್ನುವ ಮಾತಿಗೆ ನಾವು ಶಾಲೆಯಲ್ಲಿ ಕಲಿತ ಅರ್ಥವೇ ಇಲ್ಲಿ ಉಳಿದಿಲ್ಲ.

ಈಗ ಇವನ್ನು ಎಡದಿಂದ ಬಲಕ್ಕೆ ತುಂಬೋಣ. ನನ್ನ ಕೋಡ್ `points[t] = volume` ಅಂತ ಬರೆದಿತ್ತು. 10.0000 ಒಳಗೆ ಹೋಯಿತು, ವಾಲ್ಯೂಮ್ 1. ಆಮೇಲೆ 10.0006 ಬಂತು. ಮ್ಯಾಪ್ ನೋಡಿ, ಈ ಕೀ ಆಗಲೇ ಇದೆ ಅಂದುಕೊಂಡಿತು. ಕೀಯನ್ನು ಹಾಗೇ ಬಿಟ್ಟು, ಬೆಲೆಯನ್ನು ಮಾತ್ರ 0 ಮಾಡಿತು. ಆಮೇಲೆ 10.0012 ಬಂತು, ಅದು ಬೇರೆ, ಹೊಸದಾಗಿ ಒಳಗೆ ಹೋಯಿತು. ಕೊನೆಗೆ ಉಳಿದಿದ್ದು ಎರಡು ಬಿಂದು: 10.0000ರಲ್ಲಿ 0, 10.0012ರಲ್ಲಿ 1. ಇಳಿತ ಉಳಿದಿದೆ, ಆದರೆ 0.6 ಮಿಲಿಸೆಕೆಂಡ್ ಮುಂಚೆಯೇ ಆಗಿಬಿಡುತ್ತದೆ. ಸೆಕೆಂಡ್‌ಗೆ 44100 ಸ್ಯಾಂಪಲ್ ಇರುವ ಆಡಿಯೋದಲ್ಲಿ ಅದು 26 ಸ್ಯಾಂಪಲ್‌ನಷ್ಟು ದೂರ. ಟಪ್ ಬರುವ ಹೊತ್ತಿಗೆ ವಾಲ್ಯೂಮ್ ಅರ್ಧ ಮೇಲೆ ಬಂದಿರುತ್ತದೆ.

ಈಗ ಕ್ರಮ ಬದಲಾಯಿಸಿ. ಬಳಕೆದಾರರು ಮೊದಲು ನಡುವಿನ ಬಿಂದುವನ್ನು ಸೊನ್ನೆಗೆ ಎಳೆದು, ಆಮೇಲೆ ಅದರ ಎರಡೂ ಕಡೆ ಬಿಂದು ಇಟ್ಟಿದ್ದರು ಅಂತಿಟ್ಟುಕೊಳ್ಳಿ. ಟಪ್ ತೆಗೆಯುವವರು ಸಹಜವಾಗಿ ಮಾಡುವುದೇ ಹಾಗೆ, ಮತ್ತು ನನ್ನ ಫೈಲ್ ಬಿಂದುಗಳನ್ನು ಎಳೆದ ಕ್ರಮದಲ್ಲೇ ಬರೆಯುತ್ತಿತ್ತು. 10.0006 ಒಳಗೆ ಹೋಯಿತು, ಬೆಲೆ 0. ಆಮೇಲೆ 10.0000 ಬಂತು, "ಇದೂ ಅದೇ ಕೀ", ಬೆಲೆ 1 ಆಯಿತು. ಆಮೇಲೆ 10.0012 ಬಂತು, "ಇದೂ ಅದೇ", ಬೆಲೆ ಮತ್ತೆ 1. ಉಳಿದಿದ್ದು ಒಂದೇ ಬಿಂದು: 10.0006ರಲ್ಲಿ ವಾಲ್ಯೂಮ್ 1. ಇಳಿತವೇ ಇಲ್ಲ. ಟಪ್ ಪೂರ್ತಿ ವಾಪಸ್. ಅವರು ಬರೆದಿದ್ದು ಅಕ್ಷರಶಃ ಇದನ್ನೇ.

ಇಲ್ಲಿ ಎಲ್ಲೂ ಒಂದು ಎಚ್ಚರಿಕೆ ಬರಲಿಲ್ಲ. `points[t] = volume` ಅನ್ನುವುದು ಇರುವ ಕೀಗೆ ಹೊಸ ಬೆಲೆ ಹಾಕುವುದಕ್ಕೂ, ಹೊಸ ಕೀ ಸೇರಿಸುವುದಕ್ಕೂ ಒಂದೇ ರೀತಿ ಬರೆಯುವ ಸಾಲು. ನಾನು `insert` ಬಳಸಿ, ಅದು ವಾಪಸ್ ಕೊಡುವ ಹೌದು-ಅಲ್ಲ ಉತ್ತರವನ್ನು ನೋಡಿದ್ದಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ಸಿ++ ಭಾಷೆಯ ನಿಯಮ ಇದನ್ನು ಸ್ಪಷ್ಟವಾಗಿ ಹೇಳಿದೆ. ಮ್ಯಾಪ್‌ಗೂ `std::sort`ಗೂ ಕೊಡುವ ಹೋಲಿಕೆಯಲ್ಲಿ, "ಎರಡೂ ಮುಂಚೆ ಅಲ್ಲ" ಅನ್ನುವ ಸಂಬಂಧ ಮೊದಲನೆಯದರಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ದಾಟುತ್ತಾ ಹೋಗಬೇಕು. ದಾಟದಿದ್ದರೆ ಏನು ಬೇಕಾದರೂ ಆಗಬಹುದು, ಭಾಷೆ ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ. ಜಾವಾದಲ್ಲಾದರೆ ಪಟ್ಟಿ ಜೋಡಿಸುವಾಗ ಕೆಲವೊಮ್ಮೆ `Comparison method violates its general contract!` ಅಂತ ಬಂದು ಪ್ರೋಗ್ರಾಮ್ ನಿಲ್ಲುತ್ತದೆ. ಅದನ್ನು ಕಂಡವರು ಇಲ್ಲಿ ಯಾರಾದರೂ ಇದ್ದರೆ, ಅದರ ಹಿಂದೆ ಇರುವುದು ಇಂಥದೇ ಹೋಲಿಕೆ. ಅದೂ ಪ್ರತಿ ಸಲ ಬರುವುದಿಲ್ಲ, ಜೋಡಿಸುವಾಗ ವಿರೋಧ ಕಣ್ಣಿಗೆ ಬಿದ್ದರೆ ಮಾತ್ರ.

ಜೋಡಿಸುವುದರ ಮಾತು ಬಂತು, ಅದರ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಅದೇ ಮೂರು ಬಿಂದುಗಳನ್ನು ತಲೆಕೆಳಗಾಗಿ ಒಂದು ಪಟ್ಟಿಯಲ್ಲಿಡಿ: 10.0012, 10.0006, 10.0000. ಪಠ್ಯಪುಸ್ತಕದ ಸಾದಾ ಇನ್‌ಸರ್ಷನ್ ಸಾರ್ಟ್‌ಗೆ `before` ಕೊಟ್ಟು ಜೋಡಿಸಲು ಹೇಳಿ. ಅದು ಎರಡನೆಯದನ್ನು ಅದರ ಎಡಗಡೆಯದರ ಜೊತೆ ಹೋಲಿಸುತ್ತದೆ: 10.0006 ಮುಂಚೆಯಾ? ಅಲ್ಲ, ಅಂತರ ಸಾಲದು, ಅಲ್ಲೇ ಇರಲಿ. ಮೂರನೆಯದನ್ನು ಅದರ ಎಡಗಡೆಯದರ ಜೊತೆ: 10.0000 ಮುಂಚೆಯಾ? ಅಲ್ಲ, ಅಲ್ಲೇ ಇರಲಿ. ಮುಗಿಯಿತು, ಜೋಡಿಸಿದ್ದಾಯಿತು ಅನ್ನುತ್ತದೆ. ಪಟ್ಟಿ ಪೂರ್ತಿ ತಲೆಕೆಳಗಾಗಿದೆ, ಆದರೆ ಯಾವ ಅಕ್ಕಪಕ್ಕದ ಜೋಡಿಯನ್ನು ಕೇಳಿದರೂ ತಪ್ಪಿಲ್ಲ ಅನ್ನುತ್ತದೆ. ಮೂರರ ಬದಲು ಸಾವಿರ ಬಿಂದುಗಳನ್ನು ಇಷ್ಟೇ ಹತ್ತಿರ ಹತ್ತಿರ ಇಟ್ಟರೂ ಅಷ್ಟೇ. ಅರ್ಧ ಸೆಕೆಂಡ್‌ಗೂ ಜಾಸ್ತಿ ಉದ್ದದ ಗೆರೆ ಹಿಂದು ಮುಂದಾಗಿ ಕೂತಿರುತ್ತದೆ.

ನನ್ನ ಟೆಸ್ಟ್‌ಗಳು ಇದನ್ನು ಯಾಕೆ ಹಿಡಿಯಲಿಲ್ಲ? ಅವುಗಳಲ್ಲಿ ನಾನು ಬಳಸಿದ್ದ ಸಮಯಗಳು 0, 0.25, 0.5, 1, 2. ಒಂದನೆಯದಾಗಿ ಇವೆಲ್ಲ ಬೈನರಿಯಲ್ಲಿ ಚೂರೂ ತಪ್ಪಿಲ್ಲದೆ ಕೂರುವ ಸಂಖ್ಯೆಗಳು, ಅರ್ಧ, ಕಾಲು. ಎರಡನೆಯದಾಗಿ ಇವು ಒಂದಕ್ಕೊಂದು ಬಹಳ ದೂರ. ಕೈಯಿಂದ ಟೆಸ್ಟ್ ಬರೆಯುವಾಗ ಇಂಥ ದುಂಡು ಸಂಖ್ಯೆಗಳೇ ಬೆರಳಿಗೆ ಬರುತ್ತವೆ.

ಆ ದಿನ ಮಧ್ಯಾಹ್ನ ಹೀಗೊಂದು ಪರೀಕ್ಷೆ ಬರೆದೆ, ಇದು ಈಗಲೂ ನನ್ನ ಹತ್ತಿರ ಇದೆ:

```cpp
bool same(double a, double b) {
    return !before(a, b) && !before(b, a);
}

if (same(a, b) && same(b, c))
    assert(same(a, c));
```

a, b, c ಮೂರನ್ನೂ ಯದ್ವಾತದ್ವಾ ಆರಿಸಿ ಲಕ್ಷ ಸಲ ಓಡಿಸುವುದು. ಇಲ್ಲಿ ಒಂದು ಎಚ್ಚರ ಬೇಕು. ನಾನು ಮೊದಲು ಒಂದು ಗಂಟೆಯ ಒಳಗೆ ಎಲ್ಲಿಂದ ಬೇಕಾದರೂ ಆರಿಸಿದೆ. ಲಕ್ಷ ಸಲವೂ ಪಾಸ್! ಯಾಕೆಂದರೆ ಒಂದು ಗಂಟೆಯಲ್ಲಿ ಮೂರು ಸಂಖ್ಯೆ ಸುಮ್ನೆ ಆರಿಸಿದರೆ ಅವು ಒಂದು ಮಿಲಿಸೆಕೆಂಡ್‌ನಷ್ಟು ಹತ್ತಿರ ಬೀಳುವುದು ಬಹಳ ಅಪರೂಪ, `if` ಒಳಗೆ ಕಾಲಿಡುವುದೇ ಇಲ್ಲ. ಮೂರು ಮಿಲಿಸೆಕೆಂಡ್‌ನ ಕಿಟಕಿಯೊಳಗೆ ಆರಿಸಲು ಹೇಳಿದ ತಕ್ಷಣ ಬಿತ್ತು.

ಹಾಗಾದರೆ ಒಂದು ಮಿಲಿಸೆಕೆಂಡ್ ದೊಡ್ಡದಾಯಿತು, ಅದನ್ನು ಚಿಕ್ಕದು ಮಾಡಿದರೆ ಸರಿಹೋಗುತ್ತದಾ? ನನಗೂ ಮೊದಲು ಹಾಗೇ ಅನ್ನಿಸಿತು, ಒಂದು ಗಂಟೆ ಆ ದಾರಿಯಲ್ಲೂ ಹೋದೆ. ಸರಿಹೋಗುವುದಿಲ್ಲ. ಸೊನ್ನೆಗಿಂತ ದೊಡ್ಡದಾದ ಯಾವ ಸಡಿಲ ಇಟ್ಟರೂ, ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಂತರದಲ್ಲಿ ಮೂರು ಬಿಂದು ಇಡಬಹುದು, ಮತ್ತದೇ ಕಥೆ. ಚಿಕ್ಕದು ಮಾಡಿದರೆ ಬಳಕೆದಾರರಿಗೆ ಕಾಣುವುದು ಕಮ್ಮಿಯಾಗುತ್ತದೆ ಅಷ್ಟೇ, ತಪ್ಪು ಅಲ್ಲೇ ಇರುತ್ತದೆ. ಒಬ್ಬನೇ ನೋಡಿಕೊಳ್ಳುವ ಪ್ರೋಗ್ರಾಮ್‌ನಲ್ಲಿ ವರ್ಷಕ್ಕೊಮ್ಮೆ ಬರುವ ತಪ್ಪು ದಿನಾ ಬರುವ ತಪ್ಪಿಗಿಂತ ಕೆಟ್ಟದ್ದು ಅಂತ ನನ್ನ ನಂಬಿಕೆ. ದಿನಾ ಬರುವುದನ್ನು ಹಿಡಿಯಬಹುದು.

ನಾನು ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಫಂಕ್ಷನ್‌ಗೆ ಕೇಳಿದ್ದೆ. "ಈ ಎರಡು ಕ್ಲಿಪ್ ತಾಗಿಕೊಂಡಿವೆ ಅನ್ನುವಷ್ಟು ಹತ್ತಿರ ಇವೆಯಾ?" ಅನ್ನುವುದು ಒಂದು ಪ್ರಶ್ನೆ. ಅದಕ್ಕೆ ಸಡಿಲ ಬೇಕು. "ಈ ಎರಡರಲ್ಲಿ ಯಾವುದು ಮೊದಲು?" ಅನ್ನುವುದು ಇನ್ನೊಂದು. ಅದಕ್ಕೆ ಸಡಿಲ ಇರಲೇಬಾರದು. ಮ್ಯಾಪ್‌ಗೆ ಸಾದಾ `<` ಕೊಟ್ಟಿದ್ದರೆ ಒಂದು ಬಿಂದುವೂ ಕಳೆಯುತ್ತಿರಲಿಲ್ಲ. ಫ್ಲೋಟ್‌ಗಳ ಮೇಲೆ `<` ಅನ್ನುವುದು ಅನುಮಾನಕ್ಕೆ ಎಡೆಯಿಲ್ಲದ ಹೋಲಿಕೆ, ಒಳಗೆ ಎನ್‌ಎಎನ್ ಅನ್ನುವ "ಸಂಖ್ಯೆಯೇ ಅಲ್ಲ" ಬೆಲೆ ನುಸುಳದಿದ್ದರೆ. ಅದು ನುಸುಳಿದರೆ ಮತ್ತೆ ಇದೇ ರೋಗ, ಯಾಕೆಂದರೆ ಅದು ಯಾವುದಕ್ಕಿಂತಲೂ ಮುಂಚೆ ಅಲ್ಲ, ಯಾವುದೂ ಅದಕ್ಕಿಂತ ಮುಂಚೆ ಅಲ್ಲ. ಮ್ಯಾಪ್ ಕಣ್ಣಿಗೆ ಅದು ಎಲ್ಲದಕ್ಕೂ ಸಮ.

ಶುಕ್ರವಾರ ಸಂಜೆ `before` ತೆಗೆದು `<` ಹಾಕಿ ಒಂದು ಆವೃತ್ತಿ ಬಿಟ್ಟೆ. ಬಿಂದುಗಳು ಉಳಿದವು. ಆದರೆ ಮೂಲದ 0.1 + 0.2 ಸಮಸ್ಯೆ ಹಾಗೇ ಇತ್ತು: ಒಂದೇ ಗೆರೆಗೆ ಅಂಟಿಸಿದ ಎರಡು ಬಿಂದು ಕೆಲವೊಮ್ಮೆ ಎರಡು ಬೇರೆ ಕೀಗಳಾಗುತ್ತಿದ್ದವು. ಶನಿವಾರ, ಭಾನುವಾರ ಎರಡೂ ದಿನ ಅದಕ್ಕೇ ಕೊಟ್ಟೆ. ಸಮಯವನ್ನು ಡಬಲ್‌ನಿಂದ ಪೂರ್ಣಾಂಕಕ್ಕೆ ಬದಲಾಯಿಸಿದೆ.

ಪೂರ್ಣಾಂಕ ಅಂದರೆ ಯಾವ ಅಳತೆ? ಮಿಲಿಸೆಕೆಂಡ್ ಆಗುವುದಿಲ್ಲ, ಒಂದು ಆಡಿಯೋ ಸ್ಯಾಂಪಲ್ ಅದಕ್ಕಿಂತ ಎಷ್ಟೋ ಚಿಕ್ಕದು. ನ್ಯಾನೋಸೆಕೆಂಡ್ ಚಿಕ್ಕದು, ಆದರೆ ಒಂದು ಸೆಕೆಂಡ್‌ನ 44100ರಲ್ಲಿ ಒಂದು ಭಾಗ ನ್ಯಾನೋಸೆಕೆಂಡ್‌ಗಳಲ್ಲಿ ಸರಿಯಾಗಿ ಬರುವುದಿಲ್ಲ, ಮತ್ತೆ ದುಂಡಗೆ ಮಾಡಬೇಕು. ಇದಕ್ಕೆಂದೇ ಫ್ಲಿಕ್ ಅನ್ನುವ ಅಳತೆ ಇದೆ, 2018ರಲ್ಲಿ ಫೇಸ್‌ಬುಕ್‌ನ ಆಕ್ಯುಲಸ್ ಕಡೆಯಿಂದ ಬಂದದ್ದು. ಒಂದು ಸೆಕೆಂಡ್‌ನಲ್ಲಿ 705600000 ಫ್ಲಿಕ್. ವಿಚಿತ್ರವಾಗಿ ಕಾಣುತ್ತದೆ, ಆದರೆ ಭಾಗಿಸಿ ನೋಡಿ. 44100ರ ಒಂದು ಸ್ಯಾಂಪಲ್ ಸರಿಯಾಗಿ 16000 ಫ್ಲಿಕ್. 48000ರದ್ದು 14700. ಸೆಕೆಂಡ್‌ಗೆ 30 ಫ್ರೇಮ್ ಇರುವ ವೀಡಿಯೋದ ಒಂದು ಫ್ರೇಮ್ 23520000. 0.1 ಸೆಕೆಂಡ್ ಅಂದರೆ 70560000, ಅದನ್ನು ಹತ್ತು ಸಲ ಕೂಡಿಸಿದರೂ ಹತ್ತರಿಂದ ಗುಣಿಸಿದರೂ ಅದೇ 705600000. 64 ಬಿಟ್ ಪೂರ್ಣಾಂಕದಲ್ಲಿ ನಾನೂರು ವರ್ಷಕ್ಕೂ ಉದ್ದದ ಟೈಮ್‌ಲೈನ್ ಹಿಡಿಯುತ್ತದೆ, ಹಾಗಾಗಿ ಜಾಗದ ಚಿಂತೆ ಇಲ್ಲ.

ಬದಲಾಯಿಸುವಾಗ ಎಡವುವ ಜಾಗ ಒಂದಿದೆ. ಡಬಲ್ ಸಂಖ್ಯೆಯನ್ನು ಗುಣಿಸಿ ನೇರ ಪೂರ್ಣಾಂಕಕ್ಕೆ ಹಾಕಿದರೆ ಅದು ದಶಮಾಂಶದ ಭಾಗವನ್ನು ಕತ್ತರಿಸಿ ಎಸೆಯುತ್ತದೆ. 0.29 ಗುಣಿಸು 100 ಅಂದರೆ ಡಬಲ್‌ನಲ್ಲಿ 28.999999999999996, ಕತ್ತರಿಸಿದರೆ 28. ಹಾಗಾಗಿ `llround` ಬಳಸಿ, ಹತ್ತಿರದ ಪೂರ್ಣಾಂಕಕ್ಕೆ ಹೋಗಬೇಕು. ಮತ್ತು ಇದನ್ನು ಸಮಯ ಪ್ರೋಗ್ರಾಮ್ ಒಳಗೆ ಬರುವ ಬಾಗಿಲಲ್ಲಿ ಒಂದೇ ಸಲ ಮಾಡಬೇಕು.

ಇಲ್ಲಿ ಯಾರಾದರೂ ಕೇಳಬಹುದು, ದುಂಡಗೆ ಮಾಡುವುದೂ ಒಂಥರಾ ಸಡಿಲವೇ ಅಲ್ವಾ, ಅದು ಹೇಗೆ ಸರಿ ಅಂತ. ವ್ಯತ್ಯಾಸ ಇದೆ. ದುಂಡಗೆ ಮಾಡಿದಾಗ ಪ್ರತಿ ಸಮಯವೂ ಒಂದು ಗೂಡಿಗೆ ಹೋಗಿ ಕೂರುತ್ತದೆ, ಒಂದೇ ಗೂಡಿಗೆ. ಒಂದೇ ಗೂಡಲ್ಲಿರುವ ಎಲ್ಲವೂ ಒಂದಕ್ಕೊಂದು ಸಮ, ಮೊದಲನೆಯದಕ್ಕೂ ಮೂರನೆಯದಕ್ಕೂ ಜಗಳ ಬರುವುದಿಲ್ಲ. ಅದರ ಮಿತಿ ಬೇರೆ: ಎರಡು ಗೂಡುಗಳ ಗೋಡೆಯ ಆಚೆ ಈಚೆ ಬಿದ್ದ ಎರಡು ಸಮಯಗಳು ಎಷ್ಟೇ ಹತ್ತಿರ ಇದ್ದರೂ ಬೇರೆ ಬೇರೆ ಆಗುತ್ತವೆ. ಒಂದು ಗೂಡು ಸುಮಾರು 1.4 ನ್ಯಾನೋಸೆಕೆಂಡ್ ಆದ್ದರಿಂದ ನನ್ನ ಕೆಲಸಕ್ಕೆ ಅದು ನಡೆಯುತ್ತದೆ. ಗೂಡು ದೊಡ್ಡದಿರುವ ಕಡೆ ನೋಡಿಕೊಂಡು ಬಳಸಬೇಕು. ಕ್ಲಿಪ್‌ಗಳನ್ನು ಗೆರೆಗೆ ಅಂಟಿಸುವ ಸಡಿಲ ಮಾತ್ರ ಹಾಗೇ ಇದೆ, ಆದರೆ ಈಗ ಅದು ಬಳಕೆದಾರರ ಮೌಸ್ ಚಲಿಸುವಾಗ ಮಾತ್ರ ಕೆಲಸ ಮಾಡುತ್ತದೆ, ಅದೂ ಪಿಕ್ಸೆಲ್‌ಗಳ ಲೆಕ್ಕದಲ್ಲಿ. ಮೌಸ್ ಬಿಟ್ಟ ಮೇಲೆ ಸಿಗುವುದು ಒಂದು ಪೂರ್ಣಾಂಕ.

ಹಳೇ ಫೈಲ್‌ಗಳು ಉಳಿದವು. ಅವುಗಳಲ್ಲಿ ಸಮಯವನ್ನು ಆರು ದಶಮಾಂಶಕ್ಕೆ ಬರೆದಿದ್ದೆ. ಅಂದರೆ ಹೆಚ್ಚೆಂದರೆ ಅರ್ಧ ಮೈಕ್ರೋಸೆಕೆಂಡ್ ತಪ್ಪು. ಒಂದು ಸ್ಯಾಂಪಲ್ 22 ಮೈಕ್ರೋಸೆಕೆಂಡ್‌ಗೂ ಜಾಸ್ತಿ ಇರುವುದರಿಂದ, ಸ್ಯಾಂಪಲ್ ಮೇಲೆ ಕೂತಿದ್ದ ಬಿಂದು ಯಾವ ಸ್ಯಾಂಪಲ್‌ಗೆ ಸೇರಿದ್ದು ಅಂತ ಅನುಮಾನವಿಲ್ಲದೆ ಹೇಳಬಹುದಿತ್ತು. ತೆರೆಯುವಾಗ ಅದನ್ನೇ ಮಾಡಿದೆ.

ಆದರೆ ಎಲ್ಲವನ್ನೂ ಉಳಿಸಲು ಆಗಲಿಲ್ಲ. ಮೊದಲ ಸಲ ಸೇವ್ ಆದ ಫೈಲ್‌ನಲ್ಲಿ ಬಿಂದುಗಳೆಲ್ಲ ಇರುತ್ತಿದ್ದವು ಅಂದೆನಲ್ಲ, ಅವನ್ನು ಹೊಸ ಆವೃತ್ತಿಯಲ್ಲಿ ತೆರೆದರೆ ಸಾಕು, ವಾಪಸ್ ಬಂದವು. ಯಾರು ಕೆಟ್ಟ ಆವೃತ್ತಿಯಲ್ಲಿ ತೆರೆದು, ಬೇರೇನೋ ಬದಲಾಯಿಸಿ ಮತ್ತೆ ಸೇವ್ ಮಾಡಿದ್ದರೋ ಅವರ ಬಿಂದುಗಳು ಹೋದವು, ಎಲ್ಲೂ ಉಳಿದಿರಲಿಲ್ಲ. ನನಗೆ ಆ ವಾರಕ್ಕಿಂತ ಜಾಸ್ತಿ ನೋವಾಗಿದ್ದು ಇದಕ್ಕೆ. ಯಾವ ಆವೃತ್ತಿಯಿಂದ ಯಾವ ಆವೃತ್ತಿಯವರೆಗೆ ಹೀಗಾಗಿದೆ, ಫೈಲನ್ನು ಮತ್ತೆ ಸೇವ್ ಮಾಡುವ ಮುಂಚೆ ಏನು ಮಾಡಬೇಕು ಅಂತ ಎಲ್ಲರಿಗೂ ಬರೆದು ತಿಳಿಸಿದೆ. ಮೊದಲು ದೂರು ಕೊಟ್ಟವರು ತಮ್ಮ ಫೈಲನ್ನು ನನಗೆ ಕಳಿಸಿದ ಮೇಲೆ ಮತ್ತೆ ತೆರೆದಿರಲಿಲ್ಲ. ಅವರ 64 ಬಿಂದುಗಳೂ ಬಂದವು.